ಹಿನ್ನೆಲೆಯಲ್ಲಿ ಬಂದ ಮನೆ ವಿಳಾಸ: ತೆಗೆಸುವ ಪತ್ರ ಹೇಗಿರಬೇಕು

"ಈ ವಿಡಿಯೊದಲ್ಲಿ ನನ್ನ ಮನೆ ಕಾಣಿಸುತ್ತಿದೆ. ನನ್ನ ಅನುಮತಿ ಪಡೆದಿಲ್ಲ. ಕೂಡಲೇ ತೆಗೆಯಿರಿ, ಇಲ್ಲವಾದರೆ ಕಾನೂನು ಕ್ರಮ ಜರುಗಿಸಲಾಗುವುದು." ವಿಡಿಯೊ ತಾಣಕ್ಕೆ ಇಂಥ ಪತ್ರ ಬರೆದವರಿಗೆ ತಾವು ಹೇಳಬೇಕಾದದ್ದನ್ನೆಲ್ಲ ಹೇಳಿದೆವೆಂಬ ಸಮಾಧಾನ ಇರುತ್ತದೆ. ಓದುವವನ ಕಡೆಯಿಂದ ನೋಡಿದರೆ ಅದರಲ್ಲಿ ಏನೂ ಇಲ್ಲ. ಅವನ ಮುಂದಿರುವುದು ಇಪ್ಪತ್ತೆರಡು ನಿಮಿಷದ ತಿಂಡಿ ವಿಡಿಯೊ. ಅದರಲ್ಲಿ ಮೂವತ್ತು ಮನೆಗಳು ಬಂದು ಹೋಗುತ್ತವೆ. ಯಾವುದು ನಿಮ್ಮದು? ಎಷ್ಟನೇ ಸೆಕೆಂಡಿನಲ್ಲಿ? ಮನೆ ಕಂಡರೆ ವಿಳಾಸ ಹೇಗೆ ತಿಳಿಯಿತು? ವಿಳಾಸ ತಿಳಿದರೂ ಅದು ನಿಮ್ಮದೆಂದು ನೋಡುಗನಿಗೆ ಹೇಗೆ ಗೊತ್ತಾಗುತ್ತದೆ? ಈ ನಾಲ್ಕಕ್ಕೂ ಉತ್ತರ ಸಿಗದಿದ್ದರೆ ದೂರು ಅಲ್ಲಿಗೇ ಮುಗಿಯಿತು. ಕಾನೂನು ಕ್ರಮದ ಮಾತಿಗೆ ಅಲ್ಲಿ ಯಾರೂ ಹೆದರುವುದಿಲ್ಲ. ಅದನ್ನು ಬರೆಯದ ದೂರುದಾರರೇ ಅಪರೂಪ.

ಭಾರತದಲ್ಲಿ ಈ ಪತ್ರ ಬಹುಪಾಲು ಹೋಗುವುದು ಯೂಟ್ಯೂಬ್‌ಗೆ. ಹಾಗಾಗಿ ಅದನ್ನೇ ಹಿಡಿದುಕೊಂಡು ನೋಡೋಣ. ಆದರೆ ಮೊದಲೇ ಎದುರಾಗುವ ತಕರಾರೊಂದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ನಮ್ಮಲ್ಲಿ ವಿಳಾಸ ಗುಟ್ಟಿನ ವಸ್ತುವಾಗಿ ಬೆಳೆದದ್ದಲ್ಲ. ಗೇಟಿನ ಕಂಬಕ್ಕೆ ಗ್ರಾನೈಟ್ ಫಲಕ ಹಾಕಿಸಿ ಮನೆಯ ಹೆಸರು, ಯಜಮಾನರ ಹೆಸರು, ಪದವಿ, ನಿವೃತ್ತಿಗೆ ಮುಂಚಿನ ಹುದ್ದೆ ಎಲ್ಲವನ್ನೂ ಕೆತ್ತಿಸುತ್ತೇವೆ. ಮದುವೆ ಆಮಂತ್ರಣದಲ್ಲಿ ವಿಳಾಸವಿಲ್ಲದಿದ್ದರೆ ಅದು ಆಮಂತ್ರಣವೇ ಅಲ್ಲ. ಮತದಾರರ ಪಟ್ಟಿಯಲ್ಲಿ ಮನೆ ಸಂಖ್ಯೆ ಅಚ್ಚಾಗುತ್ತದೆ. ಹೀಗಿರುವಾಗ, ಬೀದಿಗೆ ಮುಖ ಮಾಡಿ ನೀವೇ ನೇತುಹಾಕಿದ ಫಲಕವನ್ನು ಬೀದಿಯಲ್ಲಿ ನಿಂತವನು ಚಿತ್ರಿಸಿದರೆ ತಪ್ಪೇನು ಎಂದು ವಿಡಿಯೊದವರು ಕೇಳುತ್ತಾರೆ. ಪ್ರಶ್ನೆ ಹಗುರವಾದದ್ದಲ್ಲ.

ಇದಕ್ಕೆ ಉತ್ತರ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಲ್ಲಿದೆ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಲು ಹೊರಟ ಅವರ ಅರ್ಜಿ ಕೊನೆಗೆ ಖಾಸಗಿತನ ಮೂಲಭೂತ ಹಕ್ಕೆಂಬ ಘೋಷಣೆಗೆ ದಾರಿಯಾಯಿತು. ಸಾರ್ವಜನಿಕ ಸ್ಥಳದಲ್ಲಿದ್ದಾನೆಂಬ ಒಂದೇ ಕಾರಣಕ್ಕೆ ಮನುಷ್ಯ ತನ್ನ ಖಾಸಗಿತನವನ್ನು ಬಿಟ್ಟುಕೊಟ್ಟಂತಾಗುವುದಿಲ್ಲ ಎಂಬ ಅಭಿಪ್ರಾಯ ಆ ತೀರ್ಪಿನಲ್ಲಿದೆ. ಫಲಕಕ್ಕೂ ಈ ತರ್ಕ ಹೊಂದುತ್ತದೆ ಎಂಬುದು ನನ್ನ ನಿಲುವು. ಫಲಕ ಹಾಕಿದ್ದು ಬೀದಿಯಲ್ಲಿ ಹೋಗುವವರಿಗೆ, ಅಂಚೆಯವರಿಗೆ, ಹುಡುಕಿಕೊಂಡು ಬರುವ ನೆಂಟರಿಗೆ. ಅವರೆಲ್ಲ ಆ ಬೀದಿಗೆ ಬಂದೇ ಓದಬೇಕು. ವಿಡಿಯೊ ನೋಡುವವನು ಎಲ್ಲಿಗೂ ಬರಬೇಕಾಗಿಲ್ಲ; ಫಲಕದ ಜೊತೆಗೆ ಮನೆಯ ಮುಖ, ನಿಲ್ಲಿಸಿದ ಸ್ಕೂಟರಿನ ನಂಬರು, ಮಹಡಿ ಮೆಟ್ಟಿಲು ಯಾವ ಪಕ್ಕ ಇದೆ ಎಂಬುದೂ ಅವನಿಗೆ ಸಿಗುತ್ತದೆ, ಬೇಕಾದಷ್ಟು ಸಲ ನಿಲ್ಲಿಸಿ ನೋಡುವ ಅವಕಾಶದೊಂದಿಗೆ.

ಒಂದು ಮಾದರಿ ಪ್ರಕರಣ ಕಟ್ಟಿಕೊಳ್ಳೋಣ. ಬೆಂಗಳೂರಿನ ಒಂದು ಬಡಾವಣೆ. ಸಂಜೆ ಹೊತ್ತು ಒಂದು ಮನೆಯ ಎದುರಿಗೆ ಮಸಾಲೆಪುರಿ ಗಾಡಿ ನಿಲ್ಲುತ್ತದೆ. ಆ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವವರು ಒಬ್ಬ ಶಾಲಾ ಶಿಕ್ಷಕಿ, ಒಂಟಿ ವಾಸ. ಗೇಟಿನ ಮೇಲೆ ಮಾಲೀಕರ ಹೆಸರು, ಮನೆ ಸಂಖ್ಯೆ. ಅದರ ಕೆಳಗೆ ಇವರ ಹೆಸರಿನ ಚಿಕ್ಕ ಫಲಕ. ತಿಂಡಿ ಚಾನೆಲ್ ನಡೆಸುವ ಹುಡುಗನೊಬ್ಬ ಬಂದು ಗಾಡಿಯ ವಿಡಿಯೊ ಮಾಡಿ ಹಾಕುತ್ತಾನೆ. ಅವನಿಗೆ ಮನೆಯ ಮೇಲೆ ಯಾವ ಆಸಕ್ತಿಯೂ ಇಲ್ಲ. ವಿಡಿಯೊದ 6:52ರಿಂದ 7:04ರವರೆಗೆ ಗಾಡಿಯ ಹಿಂದೆ ಗೇಟು ನಿಚ್ಚಳವಾಗಿ ಇದೆ.

ಶಿಕ್ಷಕಿ ಮೊಬೈಲಿನಲ್ಲಿ ನೋಡಿದಾಗ ಅಕ್ಷರ ಓದಲು ಬರುವುದಿಲ್ಲ. ಬಿಡು, ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುತ್ತಾರೆ. ಜನ ಎಡವುವುದು ಇಲ್ಲಿಯೇ. ಸಾಮಾನ್ಯ ಮೊಬೈಲಿನ ಮುಖ್ಯ ಕ್ಯಾಮೆರಾ ಹತ್ತು ಮೀಟರ್ ದೂರದಲ್ಲಿ ಸುಮಾರು 14 ಮೀಟರ್ ಅಗಲದ ದೃಶ್ಯವನ್ನು ಹಿಡಿಯುತ್ತದೆ. ವಿಡಿಯೊವನ್ನು 4ಕೆಯಲ್ಲಿ ಚಿತ್ರಿಸಿದ್ದರೆ ಅಷ್ಟು ಅಗಲಕ್ಕೆ 3840 ಚುಕ್ಕೆಗಳು. ಅಂದರೆ ಮೀಟರಿಗೆ ಸುಮಾರು 275. ಐದು ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ 14 ಚುಕ್ಕೆಗಳ ಎತ್ತರ ಸಿಗುತ್ತದೆ, ಆರಾಮಾಗಿ ಓದಬಹುದು. ಅದೇ ವಿಡಿಯೊವನ್ನು 1080ರಲ್ಲಿ ನೋಡಿದರೆ ಏಳು ಚುಕ್ಕೆ, ಊಹಿಸಿ ಓದಬಹುದು. 480ರಲ್ಲಿ ಮೂರೇ ಚುಕ್ಕೆ, ಬರೀ ಗೀಚು. ಡೇಟಾ ಉಳಿಸಲೆಂದು ಮೊಬೈಲು ತಾನಾಗಿಯೇ 480ಕ್ಕೆ ಇಳಿಸಿಕೊಂಡಿರುತ್ತದೆ. ದೂರನ್ನು ಪರಿಶೀಲಿಸುವವನೂ ಕಡಿಮೆ ಗುಣಮಟ್ಟದಲ್ಲಿ ನೋಡಿ "ಏನೂ ಕಾಣುತ್ತಿಲ್ಲ" ಎಂದುಬಿಡುವ ಅಪಾಯ ಇದ್ದೇ ಇದೆ. ಆದ್ದರಿಂದ ಎಷ್ಟು ಗುಣಮಟ್ಟದಲ್ಲಿ ಓದಲು ಬರುತ್ತದೆ ಎಂಬುದನ್ನು ಪತ್ರದಲ್ಲಿಯೇ ಬರೆಯಬೇಕು. ಕಂಪ್ಯೂಟರಿನಲ್ಲಿ ತೆರೆದು, ಅತಿ ಹೆಚ್ಚಿನ ಗುಣಮಟ್ಟ ಆರಿಸಿ, ವಿಡಿಯೊ ನಿಲ್ಲಿಸಿ, ಕೀಲಿಮಣೆಯ `,` ಮತ್ತು `.` ಒತ್ತಿದರೆ ಒಂದೊಂದೇ ಚಿತ್ರ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಕ್ಯಾಮೆರಾ ಅಲುಗಾಡುವಾಗ ಮಸುಕಾಗಿ ಕಂಡ ಫಲಕ ಯಾವುದೋ ಒಂದು ಚಿತ್ರದಲ್ಲಿ ಸ್ಪಷ್ಟವಾಗಿ ನಿಂತಿರುತ್ತದೆ. ಕೇಡು ಬಯಸುವವನು ಹುಡುಕುವುದೂ ಆ ಒಂದನ್ನೇ.

ಮತ್ತೆ, ಗೇಟು ಒಂದೇ ಸಾಕಾಗುವುದಿಲ್ಲ. ಗೇಟಿನ ಮೇಲೆ ಸಂಖ್ಯೆ ಇದೆ, ಕ್ರಾಸು ಯಾವುದೆಂದು ಇಲ್ಲ. ಆದರೆ 9:31ರಲ್ಲಿ ಹುಡುಗ ಮೂಲೆಗೆ ನಡೆದು ಬಂದಾಗ ತಲೆಯ ಮೇಲೆ ಕ್ರಾಸು, ಮೇನು ಎರಡನ್ನೂ ಬರೆದ ಫಲಕ ಕಾಣಿಸುತ್ತದೆ. ಬಡಾವಣೆಯ ಹೆಸರು ವಿಡಿಯೊದ ಶೀರ್ಷಿಕೆಯಲ್ಲಿದೆ. ಸಾಲದ್ದಕ್ಕೆ 7:20ರಲ್ಲಿ ಗಾಡಿಯವನು ಅಭಿಮಾನದಿಂದ ಹೇಳುತ್ತಾನೆ: "ಮೇಲ್ಗಡೆ ಮನೆ ಟೀಚರಮ್ಮ ಸ್ಕೂಲಿಂದ ಬಂದು ದಿನಾ ಏಳು ಗಂಟೆಗೆ ಇಲ್ಲೇ ತಗೋತಾರೆ ಸಾರ್." ವಿಳಾಸ ಹೀಗೆ ನಾಲ್ಕು ಕಡೆ ಚೂರು ಚೂರಾಗಿ ಚೆಲ್ಲಿದೆ, ಒಂದೊಂದೂ ನಿರುಪದ್ರವಿ. ಪತ್ರ ಮಾಡಬೇಕಾದ ಕೆಲಸ ಈ ಚೂರುಗಳನ್ನು ಕೂಡಿಸಿ ತೋರಿಸುವುದು. ಏಕೆಂದರೆ ಯೂಟ್ಯೂಬ್‌ನ ಗೋಪ್ಯತೆಯ ನಿಯಮ ಕೇಳುವ ಮುಖ್ಯ ಪ್ರಶ್ನೆ ದೂರುದಾರರನ್ನು ಇಂಥವರೇ ಎಂದು ಗುರುತಿಸಲು ಬರುತ್ತದೆಯೇ ಎಂಬುದು. ಮುಖ, ಧ್ವನಿ, ಪೂರ್ಣ ಹೆಸರು, ಸಂಪರ್ಕದ ವಿವರ ಇವೆಲ್ಲ ಅದರ ಲೆಕ್ಕಕ್ಕೆ ಬರುತ್ತವೆ. ಬರೀ ಒಂದು ಮನೆಯ ಮುಂಭಾಗ ಲೆಕ್ಕಕ್ಕೆ ಬರುವುದು ಕಷ್ಟ.

ಇನ್ನು ಪತ್ರ ಯಾರಿಗೆ? ನನ್ನ ಮಟ್ಟಿಗೆ ಮೊದಲ ಪತ್ರ ತಾಣಕ್ಕಲ್ಲ, ಚಾನೆಲ್‌ನವರಿಗೆ. ಯೂಟ್ಯೂಬ್ ಕೂಡ ಅದನ್ನೇ ಸೂಚಿಸುತ್ತದೆ. ಚಾನೆಲ್ಲಿನ ಪರಿಚಯ ಪುಟದಲ್ಲಿ ವ್ಯವಹಾರಕ್ಕೆಂದು ಕೊಟ್ಟ ಇಮೇಲ್ ವಿಳಾಸ ಇರುವುದುಂಟು. ತಿಂಡಿ ವಿಡಿಯೊ ಮಾಡುವ ಹುಡುಗನಿಗೆ ಆ ಗೇಟಿನಿಂದ ಯಾವ ಲಾಭವೂ ಇಲ್ಲ, ಅದು ಮಾಯವಾದರೆ ನಷ್ಟವೂ ಇಲ್ಲ. ಅವನಿಗೆ ಅದು ಗೊತ್ತಾಗಿಲ್ಲ, ಅಷ್ಟೆ. ಹೀಗಾಗಿ ಪತ್ರದಲ್ಲಿ ಆರೋಪ ಬೇಡ. ಆದರೆ ವಿಡಿಯೊ ಹಾಕಿದವರೇ ನಿಮ್ಮ ಮೇಲೆ ಹಗೆ ಇರುವವರಾದರೆ, ಬಿಟ್ಟುಹೋದ ಗಂಡನೋ ಜಗಳ ಕಾಯುವ ಪಕ್ಕದ ಮನೆಯವರೋ ಆದರೆ, ಅವರಿಗೆ ಬರೆಯಲೇಬಾರದು. ಬರೆದರೆ ಬಾಣ ಗುರಿ ಮುಟ್ಟಿತೆಂದು ಅವರಿಗೆ ನೀವೇ ತಿಳಿಸಿದಂತೆ.

ಚಾನೆಲ್‌ನವರು ಸುಮ್ಮನಿದ್ದರೆ ತಾಣದ ಗೋಪ್ಯತೆ ದೂರಿನ ಅರ್ಜಿ. ಬಿಡಿ ಇಮೇಲ್‌ಗಿಂತ ಈ ಅರ್ಜಿಯ ದಾರಿ ಬೇಗ. ಸಾಮಾನ್ಯವಾಗಿ ಬಾಧಿತರೇ ದೂರಬೇಕು. ಚಿಕ್ಕ ಮಕ್ಕಳು, ತಾವೇ ದೂರು ಕೊಡಲಾಗದವರು, ತೀರಿಕೊಂಡವರ ಪರವಾಗಿ ಹತ್ತಿರದವರು ಕೊಡಬಹುದು. ನಮ್ಮ ಮಾದರಿಯಲ್ಲಿ ಮನೆ ಮಾಲೀಕರು ಊರಿನ ಹಿರಿಯರು, ಕಾನೂನು ಬಲ್ಲವರು. "ನಾನು ಬರೀತೀನಮ್ಮ, ನೀನು ಸುಮ್ನಿರು" ಎನ್ನಬಹುದು. ಅವರು ತಮ್ಮ ಹೆಸರಿನ ಬಗ್ಗೆ ಬರೆಯಲಿ, ತಪ್ಪಿಲ್ಲ. ಶಿಕ್ಷಕಿಯ ದೂರನ್ನು ಶಿಕ್ಷಕಿಯೇ ಬರೆಯಬೇಕು. ದೂರು ಸಿಕ್ಕಮೇಲೆ ಯೂಟ್ಯೂಬ್ ವಿಡಿಯೊದವರಿಗೆ ತಿದ್ದಿಕೊಳ್ಳಲು 48 ಗಂಟೆ ಅವಕಾಶ ಕೊಡಬಹುದು. ಅಷ್ಟರಲ್ಲಿ ಅವರೇ ಸರಿಪಡಿಸಿದರೆ ದೂರು ಮುಗಿಯುತ್ತದೆ. ಇಲ್ಲವಾದರೆ ತಾಣ ತಾನೇ ಪರಿಶೀಲಿಸಿ ತೀರ್ಮಾನಿಸುತ್ತದೆ. ವಿಡಿಯೊವನ್ನು ಖಾಸಗಿ ಎಂದು ಬದಲಾಯಿಸಿಟ್ಟರೆ ಪರಿಹಾರವಾದಂತಲ್ಲ, ಯಾವಾಗ ಬೇಕಾದರೂ ಮತ್ತೆ ತೆರೆದಿಡಬಹುದಲ್ಲ. ದೂರು ಕೊಟ್ಟವರ ಹೆಸರನ್ನು ತಾಣ ಅವರ ಒಪ್ಪಿಗೆಯಿಲ್ಲದೆ ಹೇಳುವುದಿಲ್ಲ. ಆದರೆ ಇದರ ಮಿತಿ ಗೊತ್ತಿರಲಿ: ಆರನೇ ನಿಮಿಷದ ಗೇಟಿನ ಬಗ್ಗೆ ದೂರು ಬಂದಿದೆ ಎಂದು ತಿಳಿದರೆ, ಆ ಗೇಟಿನ ಹಿಂದೆ ಯಾರಿದ್ದಾರೆಂದು ಊಹಿಸಲು ಹೆಸರು ಬೇಕಿಲ್ಲ. ಹಗೆಯಿಂದ ಹಾಕಿದ ವಿಡಿಯೊ ಆದರೆ, ಅದನ್ನು ಗೋಪ್ಯತೆಯ ದೂರಾಗಿ ಅಲ್ಲ, ಕಿರುಕುಳದ ನಿಯಮದಡಿ ಸೂಚಿಸುವುದು ಮೇಲು. ವಿಡಿಯೊದ ಕೆಳಗಿನ ಸೂಚನೆಯ ಗುಂಡಿ ಒತ್ತಿದವರು ಯಾರೆಂದು ವಿಡಿಯೊದವರಿಗೆ ತಿಳಿಯುವುದಿಲ್ಲ. ಹಾನಿಯ ಉದ್ದೇಶದಿಂದ ಒಬ್ಬರ ಮನೆ ವಿಳಾಸವನ್ನು ಬಯಲು ಮಾಡುವುದನ್ನು ಆ ನಿಯಮ ನೇರವಾಗಿಯೇ ನಿಷೇಧಿಸುತ್ತದೆ.

ಈಗ ಏನು ಕೇಳಬೇಕು ಎಂಬ ಮಾತು. ಹೆಚ್ಚಿನವರು ಇಡೀ ವಿಡಿಯೊ ತೆಗೆಯಿರಿ ಎನ್ನುತ್ತಾರೆ. ಹನ್ನೆರಡು ಸೆಕೆಂಡಿನ ತೊಂದರೆಗೆ ಇಪ್ಪತ್ತೆರಡು ನಿಮಿಷದ ವಿಡಿಯೊ, ಅದರ ವೀಕ್ಷಣೆ, ಅದರ ಆದಾಯ ಎಲ್ಲವನ್ನೂ ಬಿಟ್ಟುಕೊಡು ಎಂದರೆ ಹುಡುಗ ಜಗಳಕ್ಕೇ ನಿಲ್ಲುತ್ತಾನೆ. ಯೂಟ್ಯೂಬ್ ಸ್ಟುಡಿಯೊದ ಎಡಿಟರಿನಲ್ಲಿ ಬ್ಲರ್ ಮಾಡುವ ಸೌಲಭ್ಯ ಇದೆ ಎಂಬುದು ವಿಡಿಯೊ ಮಾಡುವವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಬೇಕಾದ ಜಾಗಕ್ಕೆ ಚೌಕ ಎಳೆದು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಗುರುತಿಸಿದರೆ ಸಾಕು. ಚೌಕ ಒಂದೇ ಕಡೆ ನಿಲ್ಲಬಹುದು, ಇಲ್ಲವೇ ವಸ್ತುವನ್ನು ಹಿಂಬಾಲಿಸಬಹುದು. ವಿಡಿಯೊದ ಲಿಂಕು, ವೀಕ್ಷಣೆಯ ಸಂಖ್ಯೆ ಹಾಗೆಯೇ ಉಳಿಯುತ್ತವೆ. ಇದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಅರ್ಧ ಕೆಲಸ ಆದಂತೆ. ತೊಡಕುಗಳೂ ಇವೆ. ಒಂದು ಲಕ್ಷ ವೀಕ್ಷಣೆ ದಾಟಿದ ವಿಡಿಯೊವನ್ನು, ಜಾಹೀರಾತಿನ ಪಾಲುದಾರ ಕಾರ್ಯಕ್ರಮದಲ್ಲಿ ಇಲ್ಲದ ಚಾನೆಲ್ ತಿದ್ದಲು ಹೋದರೆ ನಿರ್ಬಂಧ ಎದುರಾಗುತ್ತದೆ. ಕ್ಯಾಮೆರಾ ತಿರುಗುವಾಗ ಹಿಂಬಾಲಿಸುವ ಚೌಕ ಜಾರಿ ಒಂದೆರಡು ಚಿತ್ರಗಳಲ್ಲಿ ಫಲಕ ಇಣುಕಿಬಿಡಬಹುದು. ತಿದ್ದಿದ ಆವೃತ್ತಿ ಸಿದ್ಧವಾಗಲು ಗಂಟೆಗಟ್ಟಲೆ ಹಿಡಿಯುವುದುಂಟು. ಅಲ್ಲಿಯವರೆಗೆ ನೋಡುಗರಿಗೆ ಹಳೆಯದೇ ಕಾಣುತ್ತಿರುತ್ತದೆ. ಇನ್ನು ಗಾಡಿಯವನ ಮಾತು. ಮಾತಿಗೆ ಬ್ಲರ್ ಇಲ್ಲ, ಆ ಕೆಲವು ಸೆಕೆಂಡುಗಳನ್ನು ಕತ್ತರಿಸಲೇಬೇಕು. ಸ್ವಯಂಚಾಲಿತ ಅಡಿಬರಹಗಳು ಇದ್ದರೆ ಅಲ್ಲಿಯೂ ಆ ಮಾತು ಅಕ್ಷರವಾಗಿ ಕುಳಿತಿರಬಹುದು, ನೋಡಬೇಕು.

ನಮ್ಮ ಶಿಕ್ಷಕಿ ಚಾನೆಲ್‌ನ ಹುಡುಗನಿಗೆ ಬರೆಯುವ ಮೇಲ್ ಹೀಗಿರಬಹುದು:

"ವಿಷಯ: ಮಸಾಲೆಪುರಿ ವಿಡಿಯೊದ 6:52ರಲ್ಲಿ ಖಾಸಗಿ ಮನೆಯ ವಿಳಾಸ, ಬ್ಲರ್ ಮಾಡಲು ಕೋರಿಕೆ.

ನಮಸ್ಕಾರ. ನಿಮ್ಮ ವಿಡಿಯೊದಲ್ಲಿ ಗಾಡಿಯ ಹಿಂದೆ ಕಾಣುವ ಮನೆಯಲ್ಲಿ ನಾನು ವಾಸವಿದ್ದೇನೆ. 1080 ಅಥವಾ ಅದಕ್ಕಿಂತ ಹೆಚ್ಚಿನ ಗುಣಮಟ್ಟದಲ್ಲಿ ನೋಡಿದರೆ 6:52ರಿಂದ 7:04ರವರೆಗೆ ಚೌಕಟ್ಟಿನ ಎಡಭಾಗದಲ್ಲಿ, ಹಸಿರು ಗೇಟಿನ ಮೇಲೆ, ಮನೆ ಸಂಖ್ಯೆಯೂ ನನ್ನ ಹೆಸರೂ ಓದಲು ಬರುತ್ತವೆ. 9:31ರಲ್ಲಿ ರಸ್ತೆಯ ಫಲಕ ಕಾಣುವುದರಿಂದ ಪೂರ್ತಿ ವಿಳಾಸ ತಿಳಿಯುತ್ತದೆ. 7:20ರಿಂದ 7:26ರವರೆಗೆ ಗಾಡಿಯವರು ನನ್ನ ದಿನಚರಿಯ ಬಗ್ಗೆ ಹೇಳಿದ ಮಾತಿದೆ. ನಾನು ಒಬ್ಬಳೇ ಇರುವುದರಿಂದ ಇದು ನನಗೆ ಸುರಕ್ಷತೆಯ ಪ್ರಶ್ನೆ.

ವಿಡಿಯೊ ತೆಗೆಯಬೇಕೆಂದು ಕೇಳುತ್ತಿಲ್ಲ. ಗೇಟನ್ನು ಬ್ಲರ್ ಮಾಡಿ, ಆ ಮಾತನ್ನು ಕತ್ತರಿಸಿದರೆ ಸಾಕು. ಸ್ಟುಡಿಯೊದ ಎಡಿಟರಿನಲ್ಲಿಯೇ ಮಾಡಬಹುದು, ಲಿಂಕು ಬದಲಾಗುವುದಿಲ್ಲ. ಇದೇ ದೃಶ್ಯದ ಶಾರ್ಟ್ಸ್ ಹಾಕಿದ್ದರೆ ಅದನ್ನೂ ದಯವಿಟ್ಟು ನೋಡಿ. ಶುಕ್ರವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ."

ಆ ಕ್ಷಣಕ್ಕೇ ತೆರೆದುಕೊಳ್ಳುವ ಲಿಂಕನ್ನೂ ಜೊತೆಗೆ ಕೊಡಬೇಕು. 6:52 ಎಂದರೆ 412 ಸೆಕೆಂಡು:

```
https://youtu.be/VIDEO_ID?t=412
```

ರಸ್ತೆಯ ಫಲಕವನ್ನು ಬ್ಲರ್ ಮಾಡಿ ಎಂದು ಕೇಳಿಲ್ಲ ಎಂಬುದನ್ನು ಗಮನಿಸಿರಬಹುದು. ಅದು ಸಾರ್ವಜನಿಕ ಫಲಕ, ಕೇಳಲು ಹಕ್ಕಿಲ್ಲ, ಗೇಟು ಮರೆಯಾದರೆ ಅದರಿಂದ ಕೇಡೂ ಇಲ್ಲ. ಬೇಡಿಕೆ ಚಿಕ್ಕದಾದಷ್ಟೂ ನಿರಾಕರಿಸಲು ಕಾರಣ ಸಿಗುವುದಿಲ್ಲ. ತಾಣದ ಅರ್ಜಿಯಲ್ಲೂ ಇದೇ ಸಂಗತಿ, ಇದೇ ಕ್ರಮ. ನಮಸ್ಕಾರ, ಉಪಕಾರ ಬಿಟ್ಟರೆ ಆಯಿತು.

ಪತ್ರದಲ್ಲಿ ಇಲ್ಲದ್ದನ್ನೂ ನೋಡಬೇಕು. ಅದರಲ್ಲಿ ವಿಳಾಸ ಇಲ್ಲ. ವಿಳಾಸ ಬಯಲಾಯಿತೆಂದು ದೂರುವ ಪತ್ರದ ಕೊನೆಗೆ ರೂಢಿಯಂತೆ ಹೆಸರು, ಪೂರ್ಣ ವಿಳಾಸ, ಮೊಬೈಲ್ ಸಂಖ್ಯೆ ಬರೆದು, ಆಧಾರ್ ಪ್ರತಿಯನ್ನೂ ಲಗತ್ತಿಸಿ ಅಪರಿಚಿತನಿಗೆ ಕಳಿಸುವವರಿದ್ದಾರೆ. ನಗಬೇಕೋ ಅಳಬೇಕೋ ತಿಳಿಯದು. ಗೇಟಿನ ಬಣ್ಣ ಮತ್ತು ಸೆಕೆಂಡು ಹೇಳಿದರೆ ಗುರುತು ಸಿಗುತ್ತದೆ. ವಿಳಾಸದ ಪುರಾವೆಯನ್ನು ತಾಣವೋ ಅಧಿಕಾರಿಯೋ ಕೇಳಿದಾಗ, ಬೇಡದ್ದನ್ನು ಮುಚ್ಚಿ, ಅವರಿಗೆ ಮಾತ್ರ ಕೊಟ್ಟರಾಯಿತು. ಮೇಲ್ ಕಳಿಸಲು ಪೂರ್ಣ ಹೆಸರಿಲ್ಲದ ಬೇರೊಂದು ಖಾತೆ ಇಟ್ಟುಕೊಳ್ಳುವುದೂ ಒಳ್ಳೆಯದೇ.

ಇನ್ನೊಂದು ಅಡ್ಡದಾರಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕಾಪಿರೈಟ್ ದೂರಿಗೆ ತಾಣಗಳು ಬೇಗ ಬಗ್ಗುತ್ತವೆ ಎಂಬುದು ಲೋಕಾರೂಢಿ. ಹಾಗಾಗಿ "ನನ್ನ ಮನೆಯ ವಿನ್ಯಾಸ ನನ್ನದು, ಫಲಕದ ಕೆತ್ತನೆ ನನ್ನದು" ಎಂದು ಕಾಪಿರೈಟ್ ಅರ್ಜಿ ತುಂಬುವವರುಂಟು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಈ ವಾದದ ಬೇರನ್ನೇ ಕತ್ತರಿಸುತ್ತದೆ: ಕಲಾಕೃತಿಯೊಂದು ಚಲನಚಿತ್ರದಲ್ಲಿ ಬರೀ ಹಿನ್ನೆಲೆಯಾಗಿ ಅಥವಾ ಪ್ರಾಸಂಗಿಕವಾಗಿ ಬಂದರೆ ಉಲ್ಲಂಘನೆಯಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. ಅಂದರೆ ಹಿನ್ನೆಲೆ ಎಂಬುದು ಕೃತಿಸ್ವಾಮ್ಯದಲ್ಲಿ ಕ್ಷಮೆಗೆ ಕಾರಣ, ಖಾಸಗಿತನದಲ್ಲಿ ಅಂಥ ಕ್ಷಮೆ ಇಲ್ಲ. ಗೆಲ್ಲುವ ದಾರಿ ಬಿಟ್ಟು ಸೋಲುವ ದಾರಿ ಹಿಡಿದಂತಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಕಾಪಿರೈಟ್ ದೂರು ಕೊಟ್ಟವರ ಹೆಸರು ಮತ್ತು ಇಮೇಲ್ ವಿಡಿಯೊದವರಿಗೆ ತಲುಪುತ್ತವೆ. ಗೂಗಲ್ ತನಗೆ ಬರುವ ಕಾನೂನು ನೋಟಿಸುಗಳ ಪ್ರತಿಗಳನ್ನು ಅಮೆರಿಕದ ಲ್ಯೂಮೆನ್ ಎಂಬ ಸಂಗ್ರಹಕ್ಕೆ ಕಳಿಸುವ ಪರಿಪಾಠವೂ ಇದೆ. ಅಲ್ಲಿ ಸಂಪರ್ಕದ ವಿವರಗಳನ್ನು ಅಳಿಸುತ್ತಾರೆ, ನಿಜ. ಆದರೆ ವಿವರಣೆಯ ಅಂಕಣದಲ್ಲಿ ನೀವೇ ಕೈಯಾರೆ ವಿಳಾಸ ಬರೆದಿದ್ದರೆ ಅದು ಅಳಿಸುವವರ ಕಣ್ಣಿಗೆ ಬೀಳುತ್ತದೆಂಬ ಖಾತರಿ ಏನು?

ಕಲಮುಗಳ ವಿಷಯದಲ್ಲೂ ಎಚ್ಚರ ಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ ಖಾಸಗಿತನದ ಉಲ್ಲಂಘನೆ ಎಂಬ ಮಾತು ಇರುವುದರಿಂದ ಎಲ್ಲರೂ ಅದನ್ನೇ ಉಲ್ಲೇಖಿಸುತ್ತಾರೆ. ಅದು ದೇಹದ ಗುಪ್ತಾಂಗಗಳನ್ನು ಚಿತ್ರಿಸಿ ಹರಡುವ ಅಪರಾಧಕ್ಕೆ ಸಂಬಂಧಿಸಿದ್ದು. ಗೇಟಿನ ಫಲಕಕ್ಕೆ ಅದನ್ನು ಅಂಟಿಸಿದರೆ, ಓದಿದ ಅಧಿಕಾರಿ ಉಳಿದ ಪತ್ರವನ್ನೂ ಅಷ್ಟಕ್ಕಷ್ಟೇ ಎಂದುಕೊಳ್ಳುತ್ತಾನೆ.

ಕೆಲಸಕ್ಕೆ ಬರುವುದು 2021ರ ಫೆಬ್ರುವರಿ 25ರಂದು ಪ್ರಕಟವಾದ ಮಧ್ಯವರ್ತಿಗಳ ಮಾರ್ಗಸೂಚಿ ನಿಯಮಗಳು. ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆ ತರುವ ವಿಷಯವನ್ನು ಬಳಕೆದಾರರು ಹಾಕದಂತೆ ತಾಣಗಳು ನೋಡಿಕೊಳ್ಳಬೇಕೆಂದು 3ನೇ ನಿಯಮ ಹೇಳುತ್ತದೆ. ಅದೇ ನಿಯಮದ ಪ್ರಕಾರ ಪ್ರತಿ ತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕವನ್ನು ಎದ್ದು ಕಾಣುವಂತೆ ಪ್ರಕಟಿಸಬೇಕು. ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕಳಿಸಬೇಕು. ದೂರು ಕೊಡಲು ಆ ತಾಣದಲ್ಲಿ ಖಾತೆ ಇರಬೇಕೆಂದಿಲ್ಲ, ಬಾಧಿತರಾದರೆ ಸಾಕು. ಇತ್ಯರ್ಥಕ್ಕೆ ಮೊದಲು 15 ದಿನ ಇತ್ತು. 2022ರ ಅಕ್ಟೋಬರ್ ತಿದ್ದುಪಡಿ ಖಾಸಗಿತನದಂಥ ವಿಷಯಗಳನ್ನು ತೆಗೆಯುವ ಕೋರಿಕೆಗೆ 72 ಗಂಟೆಯ ಗಡುವು ಹಾಕಿತು. ಇಂಥ ಗಡುವುಗಳು ಆಮೇಲೂ ಮೊಟಕಾಗುತ್ತಿವೆ. ಪತ್ರದಲ್ಲಿ ಗಂಟೆಯ ಲೆಕ್ಕ ಬರೆಯುವ ದಿನ ಜಾರಿಯಲ್ಲಿರುವ ನಿಯಮವನ್ನು ಮಾಹಿತಿ ತಂತ್ರಜ್ಞಾನ ಸಚಿವಾಲಯದ ತಾಣದಲ್ಲಿ ನೋಡಿಕೊಂಡೇ ಬರೆಯಬೇಕು. ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಲ್ಲಿ ಕೇಂದ್ರ ಸರ್ಕಾರ ಇಂಥ ಮೂರು ಸಮಿತಿಗಳನ್ನು ರಚಿಸಿತು. ಎಲ್ಲವೂ `gac.gov.in` ಮೂಲಕ ಆನ್‌ಲೈನಿನಲ್ಲೇ ನಡೆಯುತ್ತದೆ, ದೆಹಲಿಗೆ ಅಲೆಯಬೇಕಾಗಿಲ್ಲ. ಈ ದಾರಿಗಾಗಿಯಾದರೂ ಸ್ವೀಕೃತಿಯ ಸಂಖ್ಯೆ, ದಿನಾಂಕ, ಬಂದ ಉತ್ತರ ಇವನ್ನು ಜೋಪಾನ ಮಾಡಿಟ್ಟುಕೊಳ್ಳಬೇಕು.

ಇದರ ಹಲ್ಲು ಎಷ್ಟು ಹರಿತ ಎಂದು ಕೇಳಿದರೆ, ಅಷ್ಟೇನೂ ಇಲ್ಲ. ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿಯೇ ಹೇಳಿದಂತೆ, ವಿಷಯವನ್ನು ತೆಗೆಯಲಿಲ್ಲವೆಂದು ತಾಣದ ಕಾನೂನು ರಕ್ಷಣೆ ಕಳಚಬೇಕಾದರೆ ಕೋರ್ಟಿನ ಆದೇಶ ಅಥವಾ ಸರ್ಕಾರದ ಸೂಚನೆ ಬೇಕು. ಖಾಸಗಿ ವ್ಯಕ್ತಿಯ ಮೇಲ್ ಸಾಲದು. ಅಂದರೆ ನಿಮ್ಮ ಪತ್ರಕ್ಕೆ ಉತ್ತರ ಕೊಡುವುದು ಕಡ್ಡಾಯ, ನೀವು ಹೇಳಿದ್ದನ್ನು ಒಪ್ಪುವುದು ಕಡ್ಡಾಯವಲ್ಲ. ಇದು ಸರಿಯೆಂದೇ ನನ್ನ ಭಾವನೆ. ಯಾರೋ ಬರೆದ ಮೇಲ್ ಒಂದಕ್ಕೇ ವಿಡಿಯೊ ಮಾಯವಾಗುವುದಾದರೆ, ಮೊದಲು ಮಾಯವಾಗುವುದು ಒತ್ತುವರಿ ಮಾಡಿದವರ ಬಂಗಲೆಯ ವಿಡಿಯೊ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದತ್ತಾಂಶ ಅಳಿಸಿಹಾಕಲು ಕೇಳುವ ಹಕ್ಕಿದೆ ಎಂದು ಅದರ ಕಡೆಗೂ ಜನ ನೋಡುತ್ತಿದ್ದಾರೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಭಾಗಗಳು ಹಂತಹಂತವಾಗಿ ಜಾರಿಗೆ ಬರುವಂತೆ ಕಾಲ ನಿಗದಿಯಾಗಿದೆ. ಆದರೆ ಆ ಕಾಯ್ದೆಯ 3ನೇ ಕಲಮಿನಲ್ಲಿ ಎರಡು ವಿನಾಯಿತಿಗಳಿವೆ. ಸ್ವಂತ ಅಥವಾ ಮನೆಬಳಕೆಯ ಉದ್ದೇಶಕ್ಕೆ ವ್ಯಕ್ತಿಯೊಬ್ಬ ಬಳಸುವ ದತ್ತಾಂಶಕ್ಕೆ ಕಾಯ್ದೆ ಅನ್ವಯಿಸದು. ದತ್ತಾಂಶದ ಒಡೆಯರೇ ಸಾರ್ವಜನಿಕಗೊಳಿಸಿದ್ದಕ್ಕೂ ಅನ್ವಯಿಸದು. ತಿಂಡಿ ಚಾನೆಲ್ ಆದಾಯ ತರುತ್ತಿದ್ದರೆ ಮೊದಲನೆಯದರ ನೆರಳಿನಲ್ಲಿ ನಿಲ್ಲುವುದು ಕಷ್ಟ. ಎರಡನೆಯದು ಕಗ್ಗಂಟು: ಗೇಟಿಗೆ ಫಲಕ ಹಾಕುವುದೆಂದರೆ ಸಾರ್ವಜನಿಕಗೊಳಿಸಿದಂತೆಯೇ? ಹೌದೆಂದರೆ ಕಾಯ್ದೆ ನಮ್ಮ ಶಿಕ್ಷಕಿಯ ಪಾಲಿಗೆ ಖಾಲಿ ಡಬ್ಬ. ಅಲ್ಲವೆಂದು ವಾದಿಸಲು ಪುಟ್ಟಸ್ವಾಮಿ ತೀರ್ಪಿನ ತರ್ಕ ಒದಗುತ್ತದೆ. ಯಾರಾದರೂ ಇಂಥದೊಂದು ದೂರನ್ನು ಕೊನೆಯವರೆಗೆ ಒಯ್ದರೆ ಆಗ ಉತ್ತರ ಸಿಗಬಹುದು.

ಕೋರಿಕೆ ಸೋಲಬೇಕಾದ ಸಂದರ್ಭಗಳೂ ಇವೆ. ರಾಜಕಾಲುವೆಯ ಮೇಲೆ ಕಟ್ಟಿದ ಮನೆಯನ್ನು ಪಾಲಿಕೆ ಒಡೆಯುವಾಗ, ಅಧಿಕಾರಿಯ ಮನೆಯ ಮೇಲೆ ಲೋಕಾಯುಕ್ತ ದಾಳಿ ನಡೆದಾಗ ಚಿತ್ರಿಸಿದ ವರದಿಯಲ್ಲಿ ಮನೆಯೇ ಸುದ್ದಿ. ಯೂಟ್ಯೂಬ್ ಕೂಡ ಸಾರ್ವಜನಿಕ ಹಿತಾಸಕ್ತಿ, ಸುದ್ದಿಮೌಲ್ಯವನ್ನು ತೂಗಿ ನೋಡುತ್ತದೆ. ಆದರೂ ಮನೆ ಸುದ್ದಿಯಾದ ಮಾತ್ರಕ್ಕೆ ಪಕ್ಕದ ಮನೆಯ ಫಲಕವೂ ಸುದ್ದಿಯಾಗಬೇಕಿಲ್ಲ. ಸುದ್ದಿವಾಹಿನಿಯ ವಿಡಿಯೊ ಆದರೆ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು; ಅವರಿಗೂ ಅದೇ ನಿಯಮಗಳಡಿ ಉತ್ತರಿಸುವ ಹೊಣೆ ಇದೆ.

ಚಾನೆಲ್‌ನವರಿಗೆ ಬರೆಯದಿರುವುದೇ ಜಾಣತನವಾದ ಸಂದರ್ಭವೂ ಉಂಟು. 2003ರಲ್ಲಿ ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸ್ಯಾಂಡ್, ಕ್ಯಾಲಿಫೋರ್ನಿಯಾ ಕಡಲತೀರದ ಸವಕಳಿಯನ್ನು ದಾಖಲಿಸಲು ತೆಗೆದ 12 ಸಾವಿರ ಚಿತ್ರಗಳ ನಡುವೆ ತಮ್ಮ ಮನೆಯ ಚಿತ್ರ ಇದೆಯೆಂದು ಐದು ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದರು. ಅದಕ್ಕೆ ಮುಂಚೆ ಆ ಚಿತ್ರವನ್ನು ಇಳಿಸಿಕೊಂಡದ್ದು ಆರು ಸಲ, ಅದರಲ್ಲೂ ಎರಡು ಸಲ ಅವರ ವಕೀಲರೇ. ದಾವೆಯ ಸುದ್ದಿ ಹರಡಿದ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಆ ತಾಣಕ್ಕೆ ಬಂದರು. ದಾವೆಯೂ ವಜಾ ಆಯಿತು. ನೂರು ವೀಕ್ಷಣೆಯೂ ಕಾಣದ ಹಳೆಯ ವಿಡಿಯೊದಲ್ಲಿ, ಹೆಸರಿಲ್ಲದ ಬರೀ ಸಂಖ್ಯೆ ಒಂದು ಕ್ಷಣ ಕಂಡಿದ್ದರೆ, ಜಗಳಗಂಟ ಎನಿಸಿದ ಚಾನೆಲ್‌ನವನನ್ನು ಕೆಣಕಿ "ನನ್ನ ಬಾಯಿ ಮುಚ್ಚಿಸಲು ಬಂದರು" ಎಂಬ ಇನ್ನೊಂದು ವಿಡಿಯೊಗೆ ವಸ್ತು ಕೊಡುವುದು ಬೇಡ. ಇಂಥ ಕಡೆ ತಾಣದ ಅರ್ಜಿಯೇ ವಾಸಿ.

ಬ್ಲರ್ ಆಯಿತೆಂಬ ಉತ್ತರ ಬಂದ ಮೇಲೂ ಕೆಲಸ ಉಳಿದಿರುತ್ತದೆ. ದೂರು ಕೊಡುವ ಮುಂಚೆಯೇ ಲಿಂಕು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿರಬೇಕು. ಹಿಂಬಾಲಿಸುವವರ ಕಾಟವೇನಾದರೂ ಶುರುವಾಗಿದ್ದರೆ ಪೊಲೀಸರಿಗೆ ಕೊಡಲು ಅದು ಬೇಕು, ವಿಡಿಯೊ ಹೋದಮೇಲೆ ಸಿಗುವುದಿಲ್ಲ. ತಿದ್ದಿದ ವಿಡಿಯೊವನ್ನು ಮತ್ತೆ ಅತಿ ಹೆಚ್ಚಿನ ಗುಣಮಟ್ಟದಲ್ಲಿ, ಆ ಹನ್ನೆರಡು ಸೆಕೆಂಡುಗಳನ್ನು ಒಂದೊಂದೇ ಚಿತ್ರವಾಗಿ ಸರಿಸಿ ನೋಡಬೇಕು. ಮುಖಚಿತ್ರವನ್ನು ಮರೆಯುವಂತಿಲ್ಲ, ಗಾಡಿ ಮತ್ತು ಗೇಟು ಎರಡೂ ಇರುವ ದೃಶ್ಯವನ್ನೇ ಅಲ್ಲಿ ಹಾಕಿರಬಹುದು. ಬ್ಲರ್ ಅದಕ್ಕೆ ತಾಕುವುದಿಲ್ಲ. ಶಾರ್ಟ್ಸ್, ಇನ್ಸ್ಟಾಗ್ರಾಮ್ ರೀಲ್ಸ್, ಬೇರೆಯವರು ಕದ್ದು ಹಾಕಿದ ಪ್ರತಿಗಳು ಒಂದೊಂದಕ್ಕೂ ಬೇರೆ ಲಿಂಕು, ಬೇರೆ ದೂರು. ವಾಟ್ಸ್ಆ್ಯಪ್ ಗುಂಪುಗಳಿಗೆ ಹೋದ ತುಣುಕು ಯಾವ ಪತ್ರಕ್ಕೂ ಸಿಗುವುದಿಲ್ಲ. ವಿಡಿಯೊವನ್ನೇ ತೆಗೆದಿದ್ದರೂ ಗೂಗಲ್ ಹುಡುಕಾಟದಲ್ಲಿ ಹಳೆಯ ಚಿತ್ರ ಕೆಲವು ದಿನ ಕಾಣುತ್ತಿದ್ದರೆ, ಹಳತಾದ ಫಲಿತಾಂಶ ತೆಗೆಸಲು ಗೂಗಲ್ ಕೊಟ್ಟಿರುವ ಪ್ರತ್ಯೇಕ ಅರ್ಜಿ ತುಂಬಬೇಕು. 2022ರ ಜುಲೈನಿಂದ ಬೆಂಗಳೂರಿನ ಬೀದಿಗಳು ಗೂಗಲ್ ಸ್ಟ್ರೀಟ್ ವ್ಯೂನಲ್ಲೂ ಇರುವುದರಿಂದ, ಅದೇ ಗೇಟು ಅಲ್ಲಿಯೂ ನಿಂತಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಅಲ್ಲಿ ಮನೆಯನ್ನು ಬ್ಲರ್ ಮಾಡಿಸುವುದು ಸುಲಭ, ಆದರೆ ಒಮ್ಮೆ ಮಾಡಿಸಿದರೆ ಮತ್ತೆ ತೆಗೆಸಲು ಬರುವುದಿಲ್ಲ; ಬಾಡಿಗೆದಾರರಾದರೆ ಮಾಲೀಕರನ್ನು ಕೇಳಿಯೇ ಮಾಡಿಸಬೇಕು.